ನೀರಲ್ಲಿ ಮುಳುಗಿಸಿ ಅಳೆದ ಕೊಬ್ಬು, ಗಾಳಿಯಲ್ಲಿ ಕೂರಿಸಿ ಅಳೆದ ಕೊಬ್ಬು: ಅಂಕಿ ಯಾಕೆ ಬದಲಾಗುತ್ತದೆ?

ಜಿಮ್‌ಗೆ ಸೇರಿದ ಮೊದಲ ವಾರದಲ್ಲೇ ಹುಡುಗರ ಕೈಗೆ ಒಂದು ಚೀಟಿ ಸಿಗುತ್ತದೆ. ಬರಿಗಾಲಲ್ಲಿ ಒಂದು ಯಂತ್ರದ ಮೇಲೆ ನಿಂತು, ಎರಡು ಹಿಡಿಕೆ ಹಿಡಿದುಕೊಂಡರೆ ಅರ್ಧ ನಿಮಿಷದಲ್ಲಿ ‘ಬಾಡಿ ಫ್ಯಾಟ್ ಶೇ. 24’ ಅಂತ ಅಚ್ಚಾಗಿ ಬರುತ್ತದೆ. ಮೂರು ತಿಂಗಳು ಬೆವರು ಸುರಿಸಿ ಮತ್ತೆ ಅಳೆದಾಗ 23 ಬಂದರೆ ಖುಷಿ, 25 ಬಂದರೆ ಬೇಜಾರು. ಆದರೆ ಆ ಯಂತ್ರ ದೇಹದೊಳಗಿನ ಕೊಬ್ಬನ್ನು ನೋಡಿಯೂ ಇಲ್ಲ, ತೂಗಿಯೂ ಇಲ್ಲ. ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ, ಎಷ್ಟು ಅಡ್ಡಿ ಬಂತು ಎಂದು ನೋಡಿ, ಒಂದು ಸೂತ್ರಕ್ಕೆ ಹಾಕಿ ಊಹಿಸಿದೆ ಅಷ್ಟೇ. ಇಂಥ ಸೂತ್ರಗಳನ್ನು ತಯಾರಿಸುವಾಗ ‘ಸರಿಯಾದ ಉತ್ತರ’ ಎಂದು ಪಕ್ಕದಲ್ಲಿಟ್ಟುಕೊಳ್ಳುವ ಅಳತೆಗಳು ಬೇರೆಯೇ ಇವೆ. ಅವುಗಳಲ್ಲಿ ಎರಡು ಮುಖ್ಯವಾದವು. ಒಂದು, ಮನುಷ್ಯನನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗುವುದು. ಇನ್ನೊಂದು, ಮೊಟ್ಟೆಯಾಕಾರದ ಕೋಣೆಯೊಳಗೆ ಕೂರಿಸಿ ಗಾಳಿಯ ಒತ್ತಡದಿಂದ ಅಳೆಯುವುದು. ಈ ಎರಡನೆಯದಕ್ಕೆ ಏರ್ ಡಿಸ್‌ಪ್ಲೇಸ್‌ಮೆಂಟ್ ಪ್ಲೆತಿಸ್ಮೋಗ್ರಫಿ ಎಂಬ ಉದ್ದ ಹೆಸರು. ಬಳಕೆಯಲ್ಲಿ ಎಲ್ಲರೂ ಕರೆಯುವುದು ಯಂತ್ರದ ಹೆಸರಿನಿಂದಲೇ: ಬಾಡ್ ಪಾಡ್.

ಒಬ್ಬನೇ ಮನುಷ್ಯ ಒಂದೇ ದಿನ ಎರಡರಲ್ಲೂ ಅಳೆಸಿಕೊಂಡರೆ ಎರಡು ಬೇರೆ ಅಂಕಿ ಬರಬಹುದು. ಯಾವುದು ಸರಿ? ಇದಕ್ಕೆ ಉತ್ತರ ಸಿಗಬೇಕಾದರೆ ಎರಡೂ ನಿಜವಾಗಿ ಏನನ್ನು ಅಳೆಯುತ್ತವೆ, ಎಲ್ಲಿ ಎಡವುತ್ತವೆ ಎಂದು ನೋಡಬೇಕು.

ತೂಕ ಒಂದೇ ಸಾಲದು

1942ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕಿ ಮತ್ತು ಅವರ ಸಂಗಡಿಗರು 25 ಮಂದಿ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ನೀರಿನಲ್ಲಿ ತೂಗಿ ನೋಡಿದರು. ಆಗ ಚಾಲ್ತಿಯಲ್ಲಿದ್ದ ಎತ್ತರ-ತೂಕದ ಪಟ್ಟಿಯ ಪ್ರಕಾರ ಇವರಲ್ಲಿ 17 ಮಂದಿ ಅತಿತೂಕದವರು, ಅಂದರೆ ಸೈನ್ಯಕ್ಕೆ ಸೇರಲು ಅನರ್ಹರು. ನೀರಿನ ತಕ್ಕಡಿ ಬೇರೆಯೇ ಮಾತು ಹೇಳಿತು. ಅವರಲ್ಲಿ ಹೆಚ್ಚಿನವರ ತೂಕ ಬಂದದ್ದು ಕೊಬ್ಬಿನಿಂದಲ್ಲ, ಮಾಂಸಖಂಡದಿಂದ.

ಇದಕ್ಕೆ ತಿರುಗಾಮುರುಗಾ ಕಥೆ ನಮ್ಮ ದೇಶದ್ದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ ಇಬ್ಬರ ಬಿಎಂಐ ಕೂಡ ಸರಿಯಾಗಿ 22.3. ಪಟ್ಟಿಯ ಲೆಕ್ಕದಲ್ಲಿ ಇಬ್ಬರೂ ಒಂದೇ. ಆದರೆ ಡೆಕ್ಸಾ ಎಂಬ ಎಕ್ಸ್‌ರೇ ಸ್ಕ್ಯಾನ್ ಮಾಡಿ ನೋಡಿದರೆ ಯಡ್ಕಿನ್ ಅವರಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಇಬ್ಬರೂ ಅಕ್ಕಪಕ್ಕ ನಿಂತ ಫೋಟೋ ಸಹಿತ 2004ರಲ್ಲಿ ಇದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನೋಡಲು ಸಪೂರ, ಒಳಗೆ ಕೊಬ್ಬು ಜಾಸ್ತಿ. ಭಾರತೀಯರಲ್ಲಿ ಸಕ್ಕರೆ ಕಾಯಿಲೆ ಬೇಗ ಬರುವುದರ ಬಗ್ಗೆ ಮಾತು ಬಂದಾಗಲೆಲ್ಲ ಈ ಉದಾಹರಣೆ ಬರುತ್ತದೆ. ಮನೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಸಕ್ಕರೆ ಇರುವ ನಮ್ಮ ಕರಾವಳಿಯ ಕುಟುಂಬಗಳಿಗೆ ಇದರ ಬಿಸಿ ಗೊತ್ತು.

ಕೊಬ್ಬನ್ನಲ್ಲ, ಗಾತ್ರವನ್ನು ಅಳೆಯುವುದು

ನೀರಿನ ವಿಧಾನವಿರಲಿ, ಗಾಳಿಯ ವಿಧಾನವಿರಲಿ, ಎರಡೂ ಕಂಡುಹಿಡಿಯುವುದು ಒಂದೇ ಒಂದು ವಿಷಯ: ಈ ದೇಹ ಎಷ್ಟು ಲೀಟರ್ ಜಾಗ ಹಿಡಿಯುತ್ತದೆ? ತೂಕ ಹೇಗೂ ಗೊತ್ತಿರುತ್ತದೆ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಕೊಬ್ಬಿನ ಲೆಕ್ಕ ಶುರುವಾಗುವುದು ಅಲ್ಲಿಂದ.

ತೆಂಗಿನೆಣ್ಣೆ ನೀರಿನ ಮೇಲೆ ತೇಲುವುದನ್ನು ಎಲ್ಲರೂ ನೋಡಿದ್ದಾರೆ. ದೇಹದ ಕೊಬ್ಬೂ ಹಾಗೆಯೇ. ಒಂದು ಲೀಟರ್ ಕೊಬ್ಬಿನ ತೂಕ ಸುಮಾರು 900 ಗ್ರಾಂ. ಕೊಬ್ಬು ಬಿಟ್ಟು ಉಳಿದದ್ದು, ಅಂದರೆ ಮಾಂಸ, ಎಲುಬು, ನೀರು ಎಲ್ಲ ಸೇರಿ ಲೀಟರಿಗೆ ಸುಮಾರು 1,100 ಗ್ರಾಂ. ಇಡೀ ದೇಹದ ಸಾಂದ್ರತೆ ಈ ಎರಡರ ನಡುವೆ ಎಲ್ಲಿ ಬಂದು ನಿಲ್ಲುತ್ತದೆ ಎಂದು ನೋಡಿದರೆ ಕೊಬ್ಬಿನ ಪಾಲು ಎಷ್ಟು ಎಂದು ಹೇಳಬಹುದು. ಅಮೆರಿಕದ ವಿಜ್ಞಾನಿ ವಿಲಿಯಂ ಸಿರಿ ಇದನ್ನು ಒಂದು ಸಾಲಿನ ಲೆಕ್ಕವಾಗಿ ಕೊಟ್ಟಿದ್ದಾರೆ. ಇಂದಿಗೂ ಹೆಚ್ಚಾಗಿ ಬಳಸುವುದು ಅದನ್ನೇ:

ಶೇಕಡಾ ಕೊಬ್ಬು = (495 ÷ ಸಾಂದ್ರತೆ) − 450

ಒಂದು ಉದಾಹರಣೆ ಇಟ್ಟುಕೊಳ್ಳೋಣ. 175 ಸೆಂಟಿಮೀಟರ್ ಎತ್ತರದ, ಸರಿಯಾಗಿ 80 ಕೆ.ಜಿ. ತೂಗುವ ಒಬ್ಬ ಯುವಕ. ಅವನ ದೇಹದ ನಿಜವಾದ ಗಾತ್ರ 76.19 ಲೀಟರ್ ಎಂದುಕೊಂಡರೆ ಸಾಂದ್ರತೆ 1.050. ಸಿರಿ ಲೆಕ್ಕಕ್ಕೆ ಹಾಕಿದರೆ ಕೊಬ್ಬು ಶೇ. 21.4. ಈ ಅಂಕಿಯನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭ, ಯಾಕೆಂದರೆ ಇದೇ ಯುವಕನನ್ನು ಎರಡೂ ಯಂತ್ರಕ್ಕೆ ಕಳಿಸಲಿಕ್ಕಿದೆ.

ಇಲ್ಲೇ ಒಂದು ಅಪಾಯವೂ ಅಡಗಿದೆ. ಗಾತ್ರ 76.19 ಬದಲು 76.29 ಎಂದು ಓದಿತು ಅಂತಿಟ್ಟುಕೊಳ್ಳಿ. ವ್ಯತ್ಯಾಸ ಬರೀ 100 ಮಿಲಿ, ಅರ್ಧ ಲೋಟ ಚಹಾದಷ್ಟು. ಆದರೆ ಕೊಬ್ಬಿನ ಅಂಕಿ 21.4ರಿಂದ 22ಕ್ಕೆ ಹೋಗುತ್ತದೆ. ಗಾತ್ರದಲ್ಲಿ ಏಳುನೂರರಲ್ಲಿ ಒಂದು ಪಾಲು ತಪ್ಪಿದರೆ ಕೊಬ್ಬಿನಲ್ಲಿ ಅರ್ಧ ಅಂಶಕ್ಕಿಂತ ಜಾಸ್ತಿ ತಪ್ಪುತ್ತದೆ. ಹಾಗಾಗಿ ಗಾತ್ರವನ್ನು ಅಂದಾಜಿಗೆ ಅಳೆದರೆ ಆಗುವುದಿಲ್ಲ. ಎರಡೂ ವಿಧಾನಗಳ ಅಷ್ಟೂ ಕಸರತ್ತು ಈ ನೂರಿನ್ನೂರು ಮಿಲಿಲೀಟರಿನ ಹಿಂದೆಯೇ.

ನೀರಿನ ತಕ್ಕಡಿ

ತುಂಬಿದ ತೊಟ್ಟಿಯಲ್ಲಿ ಮುಳುಗಿ, ಹೊರಚೆಲ್ಲಿದ ನೀರನ್ನು ಅಳೆದರೆ ಸಾಕಲ್ಲವಾ ಎಂದು ಯಾರಿಗೂ ಅನಿಸುತ್ತದೆ. ಆರ್ಕಿಮಿಡಿಸ್ ಕಥೆಯಲ್ಲಿ ಇರುವುದು ಅದೇ. ಆದರೆ ಮನುಷ್ಯ ಮುಳುಗುವಷ್ಟು ದೊಡ್ಡ ತೊಟ್ಟಿಯ ಮೇಲ್ಮೈ ಒಂದು ಚದರ ಮೀಟರ್ ಇದ್ದರೂ, 100 ಮಿಲಿ ನೀರಿಗೆ ಅದರ ಮಟ್ಟ ಏರುವುದು ಬರೀ 0.1 ಮಿಲಿಮೀಟರ್. ಮುಳುಗಿದವನು ಸ್ವಲ್ಪ ಅಲುಗಿದರೂ ಏಳುವ ಅಲೆ ಅದಕ್ಕಿಂತ ಎಷ್ಟೋ ದೊಡ್ಡದು. ಆದ್ದರಿಂದ ನೀರನ್ನು ಅಳೆಯುವ ಬದಲು ಮುಳುಗಿದವನನ್ನೇ ತೂಗುತ್ತಾರೆ.

ಬಾವಿಯಿಂದ ಕೊಡಪಾನ ಎಳೆದವರಿಗೆ ಇದು ಕೈಯಲ್ಲೇ ಗೊತ್ತು. ತುಂಬಿದ ಕೊಡಪಾನ ನೀರಿನೊಳಗೆ ಇರುವಷ್ಟು ಹೊತ್ತು ಹಗುರ. ನೀರು ಬಿಟ್ಟು ಮೇಲೆ ಬಂದ ತಕ್ಷಣ ಹಗ್ಗ ಬಿಗಿಯುತ್ತದೆ. ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸಿದೆಯೋ ಅಷ್ಟು ನೀರಿನ ತೂಕದಷ್ಟು ಅದು ಹಗುರವಾಗುತ್ತದೆ. ಹೀಗೆ ಎಷ್ಟು ಕೆ.ಜಿ. ಹಗುರವಾಯಿತು ಎಂದು ಗೊತ್ತಾದರೆ ಎಷ್ಟು ಲೀಟರ್ ಎಂದೂ ಗೊತ್ತಾಯಿತು.

ನಮ್ಮ ಯುವಕ ಈಜುಡುಗೆ ತೊಟ್ಟು, ಉಗುರುಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕೂರುತ್ತಾನೆ. ಕುರ್ಚಿಯ ತೂಕವನ್ನು ಮೊದಲೇ ಕಳೆದಿರುತ್ತಾರೆ. ಮೈಗೆ ಅಂಟಿದ ಗಾಳಿಗುಳ್ಳೆಗಳನ್ನು ಕೈಯಿಂದ ಸವರಿ ತೆಗೆಯುತ್ತಾನೆ. ನಂತರ ಬಾಯಿಯಿಂದ ಉಸಿರನ್ನು ಪೂರ್ತಿ ಹೊರಗೆ ಬಿಡುತ್ತಾ, ತಲೆ ಬಾಗಿಸಿ ನೀರಿನೊಳಗೆ ಹೋಗುತ್ತಾನೆ. ಇನ್ನು ಬಿಡಲು ಉಸಿರೇ ಇಲ್ಲ ಎಂಬ ಸ್ಥಿತಿಯಲ್ಲಿ ಕೆಲವು ಸೆಕೆಂಡು ಅಲುಗದೆ ಕೂರಬೇಕು. ಆಗ ತಕ್ಕಡಿ ತೋರಿಸುವುದು 2.85 ಕೆ.ಜಿ. ಹೊರಗೆ 80 ಇದ್ದವನು ನೀರಿನಲ್ಲಿ ಮೂರು ಕೆ.ಜಿ.ಯೂ ಇಲ್ಲ!

ಲೆಕ್ಕ ಹೀಗೆ: 80ರಲ್ಲಿ 2.85 ಕಳೆದರೆ 77.15 ಕೆ.ಜಿ. 34 ಡಿಗ್ರಿ ಬಿಸಿಯಿರುವ ನೀರಿನ ಸಾಂದ್ರತೆ 0.9944. ಭಾಗಿಸಿದರೆ 77.58 ಲೀಟರ್. ಆದರೆ ಇದು ಬರೀ ದೇಹವಲ್ಲ. ಎಷ್ಟೇ ಊದಿದರೂ ಶ್ವಾಸಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಕೊನೆಗೆ ಉಳಿಯುವ ಗಾಳಿಗೆ ಉಳಿಕೆ ಗಾಳಿ ಎನ್ನಬಹುದು. ಇವನಲ್ಲಿ ಅದು 1.3 ಲೀಟರ್ ಎಂದು ಬೇರೆ ಪರೀಕ್ಷೆಯಿಂದ ಅಳೆದಿದ್ದಾರೆ. ಕರುಳಿನ ಗಾಳಿಗೆ ರೂಢಿಯಂತೆ 0.1 ಲೀಟರ್. ಎರಡನ್ನೂ ಕಳೆದರೆ 76.18 ಲೀಟರ್. ಕೊಬ್ಬು ಶೇ. 21.4. ಸರಿಯಾಗಿ ಬಂತು.

ಎಡವಟ್ಟು ಆಗುವುದು ಉಸಿರಿನಲ್ಲಿ. ಹೊಳೆಯಲ್ಲಿ ಈಜಿ ಬೆಳೆದ ಹುಡುಗರಿಗೆ ಗೊತ್ತು, ಎದೆ ತುಂಬ ಉಸಿರೆಳೆದರೆ ತೇಲುತ್ತೇವೆ, ಬಿಟ್ಟರೆ ಮುಳುಗುತ್ತೇವೆ. ನೀರಿನೊಳಗೆ ಪೂರ್ತಿ ಉಸಿರು ಬಿಡುವುದು ಮನಸ್ಸಿಗೆ ಒಗ್ಗದ ಕೆಲಸ. ಮೊದಲ ಸಲ ಯುವಕ ಹೆದರಿ ಅರ್ಧ ಲೀಟರ್ ಗಾಳಿಯನ್ನು ಒಳಗೇ ಉಳಿಸಿಕೊಂಡ ಎನ್ನಿ. ತಕ್ಕಡಿ 2.85 ಬದಲು 2.35 ತೋರಿಸುತ್ತದೆ. ಆ ಗಾಳಿಯೂ ದೇಹದ ಗಾತ್ರದ ಲೆಕ್ಕಕ್ಕೆ ಸೇರಿ ಕೊಬ್ಬು ಶೇ. 24.5 ಆಗುತ್ತದೆ. ಮೂರು ಅಂಶ ಹೆಚ್ಚು! 80 ಕೆ.ಜಿ.ಯವನಿಗೆ ಇದು ಎರಡೂವರೆ ಕೆ.ಜಿ. ಕೊಬ್ಬು. ಎಲ್ಲೂ ಇಲ್ಲದ ಕೊಬ್ಬು, ಬರೀ ಗಾಳಿ.

ಇದನ್ನು ಪತ್ತೆ ಹಚ್ಚುವುದು ಹೇಗೆ? ಮತ್ತೆ ಮತ್ತೆ ಮುಳುಗಿಸಿ ನೋಡುತ್ತಾರೆ. ಅಭ್ಯಾಸ ಆದಂತೆ ಉಸಿರು ಚೆನ್ನಾಗಿ ಬಿಡುವುದರಿಂದ ನೀರಿನ ತೂಕ ಸಲಸಲಕ್ಕೂ ಏರುತ್ತದೆ: 2.35, 2.6, 2.78, 2.84, 2.85. ಏರುವುದು ನಿಂತು ಒಂದೇ ಕಡೆ ನೆಲೆಯಾದರೆ ಅಳತೆ ಮುಗಿದಂತೆ. ಇನ್ನೂ ಏರುತ್ತಾ ಇರುವಾಗಲೇ ನಿಲ್ಲಿಸಿದರೆ ಬರುವ ಅಂಕಿ ನಿಜಕ್ಕಿಂತ ಹೆಚ್ಚೇ. ಇನ್ನೊಂದು ತೊಡಕು ಉಳಿಕೆ ಗಾಳಿಯದ್ದು. ಅದನ್ನು ಅಳೆಯಲು ಪ್ರತ್ಯೇಕ ಉಪಕರಣ ಬೇಕು. ಅದಿಲ್ಲದ ಕಡೆ ಎತ್ತರ, ವಯಸ್ಸು ನೋಡಿ ಅಂದಾಜಿಸುತ್ತಾರೆ. ಆ ಅಂದಾಜು 300 ಮಿಲಿ ತಪ್ಪಿದರೆ ಕೊಬ್ಬಿನ ಅಂಕಿ ಹತ್ತಿರ ಹತ್ತಿರ ಎರಡು ಅಂಶ ಆಚೀಚೆ ಆಗುತ್ತದೆ.

ಗಾಳಿಯ ಕೋಣೆ

ವಯಸ್ಸಾದವರು, ನೀರಿಗೆ ಹೆದರುವವರು, ಮಕ್ಕಳು, ಇವರನ್ನೆಲ್ಲ ಹೀಗೆ ಮುಳುಗಿಸುವುದು ಆಗದ ಮಾತು. ನೀರಿನ ಬದಲು ಗಾಳಿಯಲ್ಲೇ ಅಳೆಯಬೇಕು ಎಂಬ ಯೋಚನೆ ಹಳೆಯದು. ಆದರೆ ಗಾಳಿ ನೀರಿನಂತೆ ಸುಮ್ಮನೆ ಇರುವುದಿಲ್ಲ. ಮೈಯ ಬಿಸಿ, ಬೆವರಿನ ತೇವ, ಉಸಿರು ಎಲ್ಲಕ್ಕೂ ಬದಲಾಗುತ್ತದೆ. ಈ ತೊಂದರೆಯನ್ನು ದಾಟಿದ ಯಂತ್ರದ ವಿವರವನ್ನು 1995ರಲ್ಲಿ ಡೆಂಪ್‌ಸ್ಟರ್ ಮತ್ತು ಏಟ್ಕೆನ್ಸ್ ಎಂಬ ಸಂಶೋಧಕರು ಪ್ರಕಟಿಸಿದರು. ಅದೇ ಬಾಡ್ ಪಾಡ್.

ಹೊರಗಿನಿಂದ ಒಂದು ಕೋಣೆಯಂತೆ ಕಂಡರೂ ಒಳಗೆ ಎರಡಿವೆ. ಮುಂದಿನದರಲ್ಲಿ, ಸುಮಾರು 450 ಲೀಟರಿನದ್ದು, ಮನುಷ್ಯ ಕೂರುತ್ತಾನೆ. ಹಿಂದಿನದು ಸುಮಾರು 300 ಲೀಟರ್, ಅಲ್ಲಿ ಬರೀ ಗಾಳಿ. ನಡುವಿನ ಗೋಡೆಯಲ್ಲಿ ಸ್ಪೀಕರಿನ ಪರದೆಯಂಥ ಒಂದು ಪರದೆ ಇದೆ. ಅದು ಹಿಂದೆ ಮುಂದೆ ಆಡುತ್ತಾ ಒಂದು ಕೋಣೆಯನ್ನು ತುಸು ಕಿರಿದು ಮಾಡಿದರೆ ಇನ್ನೊಂದನ್ನು ಅಷ್ಟೇ ಹಿರಿದು ಮಾಡುತ್ತದೆ. ಆ ಬದಲಾವಣೆ ಸುಮಾರು 350 ಮಿಲಿ. ಇದರಿಂದ ಗಾಳಿಯ ಒತ್ತಡ ಏರಿಳಿಯುತ್ತದೆ, ಆದರೆ ಒಳಗಿದ್ದವನಿಗೆ ಗೊತ್ತೇ ಆಗದಷ್ಟು ಸ್ವಲ್ಪ.

ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ಹಿಡಿದು ನೋಡಿದವರಿಗೆ ಮುಂದಿನದು ಅರ್ಥವಾಗುತ್ತದೆ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಅದೇ ಒಂದಿಂಚು ಒತ್ತುವುದು ಕಷ್ಟ. ಮನುಷ್ಯ ಒಳಗೆ ಕೂತಾಗ ಮುಂದಿನ ಕೋಣೆಯಲ್ಲಿ ಗಾಳಿಗೆ ಜಾಗ ಕಡಿಮೆ. ಹಾಗಾಗಿ ಪರದೆಯ ಅದೇ ಆಟಕ್ಕೆ ಒತ್ತಡ ಹೆಚ್ಚು ಏರುತ್ತದೆ. ಎರಡು ಕೋಣೆಗಳ ಒತ್ತಡವನ್ನು ಹೋಲಿಸಿ ಮುಂದಿನದರಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಖಾಲಿ ಕೋಣೆಯ ಗಾಳಿಯಿಂದ ಅದನ್ನು ಕಳೆದರೆ ದೇಹದ ಗಾತ್ರ. ಬಾಗಿಲು ಹಾಕಿ ಒಂದು ನಿಮಿಷದೊಳಗೆ ಒಂದು ಸಲದ ಅಳತೆ ಮುಗಿಯುತ್ತದೆ.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಯುವಕನ ವಿಷಯದಲ್ಲಿ ಯಂತ್ರ ಮೊದಲು ಓದುವುದು 76.19 ಅಲ್ಲ, 73.83 ಲೀಟರ್! ಅದನ್ನೇ ನಂಬಿ ಲೆಕ್ಕ ಹಾಕಿದರೆ ಕೊಬ್ಬು ಶೇ. 6.8. ಸ್ಪರ್ಧೆಗೆ ನಿಂತ ದೇಹದಾರ್ಢ್ಯಪಟುವಿನ ಅಂಕಿ. ಎರಡೂಕಾಲು ಲೀಟರಿಗೂ ಜಾಸ್ತಿ ಎಲ್ಲಿ ಹೋಯಿತು?

ಕಳೆದುಹೋದ ಲೀಟರುಗಳು

ಗಾಳಿಯನ್ನು ಗಕ್ಕನೆ ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತಳ ಬಿಸಿಯಾಗುವುದು ಇದರಿಂದಲೂ ಹೌದು. ಬಿಸಿಯಾದ ಗಾಳಿ ಇನ್ನಷ್ಟು ಬಲವಾಗಿ ತಿರುಗಿ ಒತ್ತುತ್ತದೆ. ಕೋಣೆಯ ನಡುವಿನ ಗಾಳಿ ಹೀಗೆಯೇ ವರ್ತಿಸುತ್ತದೆ, ಯಂತ್ರವೂ ಅದನ್ನೇ ನಿರೀಕ್ಷಿಸುತ್ತದೆ. ಆದರೆ ಚರ್ಮಕ್ಕೆ ತಾಗಿ ನಿಂತ ಗಾಳಿ, ಕೂದಲ ನಡುವಿನ ಗಾಳಿ, ಬಟ್ಟೆಯೊಳಗಿನ ಗಾಳಿ, ಶ್ವಾಸಕೋಶದ ಗಾಳಿ, ಇವುಗಳ ಬಿಸಿಯನ್ನು ದೇಹ ಆಗಿಂದಾಗಲೇ ಹೀರಿಕೊಳ್ಳುತ್ತದೆ. ಬಿಸಿಯಾಗದ ಗಾಳಿ ಮೆತ್ತಗೆ ಒತ್ತಿಸಿಕೊಳ್ಳುತ್ತದೆ. ಎಷ್ಟು ಮೆತ್ತಗೆ ಎಂದರೆ, ಇಂಥ ಒಂದು ಲೀಟರ್ ಗಾಳಿ ಯಂತ್ರಕ್ಕೆ 1.4 ಲೀಟರಿನಂತೆ ಕಾಣುತ್ತದೆ. ಕೋಣೆಯಲ್ಲಿ ಗಾಳಿ ಹೆಚ್ಚಿದೆ ಎಂದು ಯಂತ್ರ ಮೋಸಹೋಗುತ್ತದೆ. ಗಾಳಿ ಹೆಚ್ಚಿದ್ದರೆ ದೇಹ ಕಡಿಮೆ ಎಂದಲ್ಲವಾ ಅರ್ಥ? ಆದ್ದರಿಂದ ದೇಹ ಕುಗ್ಗಿದಂತೆ ಕಾಣುತ್ತದೆ.

ಇದಕ್ಕೆ ಎರಡು ತಿದ್ದುಪಡಿ. ಮೊದಲನೆಯದು ಚರ್ಮದ ಗಾಳಿಯದ್ದು. ಎತ್ತರ, ತೂಕದಿಂದ ಚರ್ಮದ ಒಟ್ಟು ಹರವನ್ನು ಲೆಕ್ಕ ಹಾಕುತ್ತಾರೆ. ಈ ಯುವಕನಿಗೆ ಅದು ಸುಮಾರು 1.96 ಚದರ ಮೀಟರ್, ತಿದ್ದುಪಡಿ 0.91 ಲೀಟರ್. ಎರಡನೆಯದು ಶ್ವಾಸಕೋಶದ್ದು. ಸಹಜವಾಗಿ ಉಸಿರಾಡುವಾಗ ಅವನ ಎದೆಯಲ್ಲಿ ಸರಾಸರಿ 3.6 ಲೀಟರ್ ಗಾಳಿ ಇದೆ. ಅದು ಒಂದಕ್ಕೆ 1.4ರಂತೆ ಕಂಡಿದ್ದರಿಂದ ತಪ್ಪಾದದ್ದು ಅದರ ಶೇ. 40, ಅಂದರೆ 1.44 ಲೀಟರ್. ಎರಡನ್ನೂ 73.83ಕ್ಕೆ ಸೇರಿಸಿದರೆ 76.18. ಕೊಬ್ಬು ಶೇ. 21.4. ನೀರಿನ ತಕ್ಕಡಿ ಹೇಳಿದ್ದೇ ಬಂತು.

ಎದೆಯ ಗಾಳಿಯನ್ನು ಅಳೆಯುವುದೂ ಇದೇ ಕೋಣೆಯಲ್ಲಿ. ಮೂಗಿಗೆ ಕ್ಲಿಪ್ ಹಾಕಿ ಬಾಯಲ್ಲಿ ಕೊಳವೆ ಕಚ್ಚಿಕೊಂಡು ಉಸಿರಾಡುತ್ತಿರುವಾಗ, ನಡುವೆ ಕೊಳವೆ ಸ್ವಲ್ಪ ಹೊತ್ತು ಮುಚ್ಚಿಕೊಳ್ಳುತ್ತದೆ. ಆಗ ಎರಡು ಮೂರು ಸಲ ಮೆಲ್ಲಗೆ ‘ಹಫ್ ಹಫ್’ ಎಂದು ಊದಬೇಕು. ಕೆನ್ನೆ ಉಬ್ಬಿಸಿದರೆ, ತುಟಿಯ ಸಂದಿನಿಂದ ಗಾಳಿ ಸೋರಿದರೆ ಯಂತ್ರ ಒಪ್ಪುವುದಿಲ್ಲ. ಇದು ಹಲವರಿಗೆ ಮೊದಲ ಸಲ ಬರುವುದಿಲ್ಲ. ಹಾಗಾಗಿ ಕೆಲವು ಕಡೆ ಇದನ್ನು ಬಿಟ್ಟು ಎತ್ತರ, ವಯಸ್ಸಿನಿಂದ ಅಂದಾಜಿಸಿದ ಅಂಕಿಯನ್ನೇ ಹಾಕುತ್ತಾರೆ.

ಗಾಳಿಯ ವಿಧಾನದ ನಿಜವಾದ ಲಾಭ ಇಲ್ಲಿದೆ. ಶ್ವಾಸಕೋಶದ ಗಾಳಿಯಲ್ಲಿ ಅರ್ಧ ಲೀಟರ್ ತಪ್ಪಾದರೆ ನೀರಿನಲ್ಲಿ ಅಷ್ಟಕ್ಕಷ್ಟೂ ದೇಹದ ಗಾತ್ರಕ್ಕೆ ಸೇರುತ್ತದೆ, ಕೊಬ್ಬಿನ ಅಂಕಿ ಮೂರು ಅಂಶ ಜಿಗಿಯುತ್ತದೆ. ಗಾಳಿಯ ಕೋಣೆಯಲ್ಲಿ ಅದರ ಶೇ. 40 ಮಾತ್ರ, ಅಂದರೆ 0.2 ಲೀಟರ್ ತಪ್ಪುತ್ತದೆ. ಇವನ ಅಂಕಿ 21.4 ಇರಬೇಕಾದದ್ದು 20.1 ಆದೀತು. ಪೆಟ್ಟು ಅರ್ಧಕ್ಕಿಂತಲೂ ಕಡಿಮೆ.

ಒಂದು ಉಬ್ಬಿಸುತ್ತದೆ, ಇನ್ನೊಂದು ಕುಗ್ಗಿಸುತ್ತದೆ

ಎರಡು ವಿಧಾನಗಳ ತಪ್ಪುಗಳು ಸಾಮಾನ್ಯವಾಗಿ ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ನೀರಿನಲ್ಲಿ ಲೆಕ್ಕಕ್ಕೆ ಸಿಗದೆ ಉಳಿದ ಗಾಳಿ ಮನುಷ್ಯನನ್ನು ದಪ್ಪ ತೋರಿಸುತ್ತದೆ. ಕೋಣೆಯಲ್ಲಿ ಲೆಕ್ಕಕ್ಕೆ ಸಿಗದೆ ಉಳಿದ ಮೆತ್ತಗಿನ ಗಾಳಿ ಅವನನ್ನು ಸಪೂರ ತೋರಿಸುತ್ತದೆ. ಯಾರದ್ದೇ ನೀರಿನ ಅಂಕಿ ಜಾಸ್ತಿ, ಬಾಡ್ ಪಾಡ್ ಅಂಕಿ ಕಡಿಮೆ ಬಂದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಗಾಳಿಯನ್ನು.

ಬಾಡ್ ಪಾಡ್‌ನಲ್ಲಿ ಬಿಗಿಯಾದ ಈಜುಡುಗೆ, ತಲೆಗೆ ಬಿಗಿ ಟೋಪಿ ಕಡ್ಡಾಯ ಎನ್ನುವುದು ಇದಕ್ಕೇ. ಸಡಿಲ ಅಂಗಿಯ ಮಡಿಕೆಗಳಲ್ಲಿ, ಉದ್ದ ಕೂದಲಿನಲ್ಲಿ ನಿಂತ ಗಾಳಿಗೆ ಯಾವ ತಿದ್ದುಪಡಿಯೂ ಇಲ್ಲ. ಲುಂಗಿ, ಟೀಶರ್ಟಿನಲ್ಲಿ ಕೂತರೆ ಕೊಬ್ಬು ಕಡಿಮೆಯಾಗಿ ಕಂಡೇ ಕಾಣುತ್ತದೆ. ದಟ್ಟ ಗಡ್ಡವೂ ಅಂಕಿಯನ್ನು ಸ್ವಲ್ಪ ಕೆಳಗಿಳಿಸುತ್ತದೆ ಎಂದು ಪರೀಕ್ಷಿಸಿ ನೋಡಿದ್ದಾರೆ. ಅದಕ್ಕಾಗಿ ಗಡ್ಡ ತೆಗೆಯಬೇಕೆಂದೇನೂ ಇಲ್ಲ. ಎರಡು ಸಲದ ಅಂಕಿಯನ್ನು ಹೋಲಿಸುವಾಗ ಎರಡೂ ಸಲ ಗಡ್ಡ ಒಂದೇ ತರ ಇದ್ದರೆ ಆಯಿತು. ಮೈ ಮುಚ್ಚುವ ಉಡುಗೆ ಬೇಕೆನ್ನುವ ಹೆಣ್ಣುಮಕ್ಕಳು ಮಹಿಳಾ ಸಿಬ್ಬಂದಿಯನ್ನು ಮೊದಲೇ ಕೇಳಿಕೊಂಡು, ಕೋಣೆಯ ಬಾಗಿಲವರೆಗೆ ಮೇಲೊಂದು ಗೌನ್ ಹಾಕಿಕೊಂಡಿದ್ದು, ಒಳಗೆ ಮೈಗೆ ಅಂಟಿ ಕೂರುವ ಬಟ್ಟೆಯಲ್ಲಿ ಇರಬಹುದು. ಗೌನ್ ಸಮೇತ ಒಳಗೆ ಕೂತರೆ ಮಾತ್ರ ಅಳತೆಗೆ ಅರ್ಥವಿಲ್ಲ.

ವ್ಯಾಯಾಮ ಮುಗಿಸಿ ಬೆವರಿನ ಮೈಯಲ್ಲಿ ಕೂತರೂ ಹಾಗೆಯೇ, ಬಿಸಿ ಮತ್ತು ತೇವ ಸೇರಿ ಕೊಬ್ಬು ಕಡಿಮೆ ತೋರುತ್ತದೆ. ಕೋಣೆ ಇರುವ ರೂಮಿನಲ್ಲಿ ಬಾಗಿಲು ದಡಕ್ಕನೆ ಹಾಕಿದರೆ, ಫ್ಯಾನ್ ಗಾಳಿ ನೇರ ಬೀಸಿದರೆ ಒತ್ತಡ ಅಲುಗುತ್ತದೆ. ಇಂಥದ್ದನ್ನು ಹಿಡಿಯಲು ಯಂತ್ರ ಪ್ರತಿಯೊಬ್ಬರನ್ನೂ ಎರಡು ಸಲ ಅಳೆಯುತ್ತದೆ. ಎರಡರ ನಡುವೆ 150 ಮಿಲಿಗಿಂತ ಹೆಚ್ಚು ಅಂತರ ಬಂದರೆ ಮೂರನೆಯ ಸಲ. ಆಗಲೂ ಯಾವ ಎರಡೂ ಹೊಂದದಿದ್ದರೆ, ಗಾತ್ರ ಗೊತ್ತಿರುವ ಸುಮಾರು 50 ಲೀಟರಿನ ಸಿಲಿಂಡರ್ ಇಟ್ಟು ಯಂತ್ರವನ್ನೇ ಮೊದಲಿಂದ ಸರಿಮಾಡಿಕೊಂಡು ಶುರು ಮಾಡಬೇಕು.

ಈ 150 ಮಿಲಿಯಲ್ಲಿ ಇನ್ನೊಂದು ಪಾಠವಿದೆ. ಯಂತ್ರ ತಾನೇ ‘ಇಷ್ಟು ಆಚೀಚೆ ಆದರೆ ಪರವಾಗಿಲ್ಲ’ ಎಂದು ಒಪ್ಪುವ ಅಂತರ ಅದು. ನಮ್ಮ ಯುವಕನ ಲೆಕ್ಕದಲ್ಲಿ ಅದು ಕೊಬ್ಬಿನ ಸುಮಾರು 0.9 ಅಂಶ. ಅಂದರೆ ಎರಡು ತಿಂಗಳಲ್ಲಿ 21.4ರಿಂದ 20.8ಕ್ಕೆ ಇಳಿದರೆ ಅದು ಕೊಬ್ಬು ಕರಗಿದ್ದಕ್ಕೆ ಸಾಕ್ಷಿಯಲ್ಲ. 21.4ರಿಂದ 17ಕ್ಕೆ ಇಳಿದರೆ ಮಾತು ಬೇರೆ.

ಇಬ್ಬರೂ ಒಂದೇ ಮಾತು ಹೇಳಿದರೆ?

1995ರಲ್ಲಿ 68 ಮಂದಿ ವಯಸ್ಕರನ್ನು ಎರಡೂ ವಿಧಾನದಿಂದ ಅಳೆದು ನೋಡಿದ ಅಧ್ಯಯನದಲ್ಲಿ ಸರಾಸರಿ ಅಂತರ ಬರೀ 0.3 ಅಂಶ. ಆಮೇಲಿನ ಅನೇಕ ಹೋಲಿಕೆಗಳಲ್ಲೂ ಗುಂಪಿನ ಸರಾಸರಿಗಳು ಹತ್ತಿರ ಹತ್ತಿರವೇ ಇವೆ. ಆದರೆ ಸರಾಸರಿ ಹೊಂದಿತು ಎಂದರೆ ಪ್ರತಿಯೊಬ್ಬರದ್ದೂ ಹೊಂದಿತು ಎಂದಲ್ಲ. ಒಬ್ಬನಿಗೆ ಮೂರು ಅಂಶ ಮೇಲೆ, ಇನ್ನೊಬ್ಬನಿಗೆ ಮೂರು ಅಂಶ ಕೆಳಗೆ ಬಂದರೂ ಸರಾಸರಿ ಸೊನ್ನೆಯೇ.

ಇನ್ನೂ ದೊಡ್ಡ ಮಾತು ಬೇರೆ ಇದೆ. ಎರಡೂ ಯಂತ್ರ ಒಂದೇ ಅಂಕಿ ಕೊಟ್ಟರೂ ಅದು ನಿಜ ಎಂದು ಸಾಬೀತಾಗುವುದಿಲ್ಲ, ಯಾಕೆಂದರೆ ಎರಡೂ ಕೊನೆಗೆ ಒರಗುವುದು ಸಿರಿ ಲೆಕ್ಕದ ಮೇಲೆಯೇ. ಕೊಬ್ಬಿಲ್ಲದ ಭಾಗದ ಸಾಂದ್ರತೆ ಎಲ್ಲರಲ್ಲೂ 1.100 ಎಂದು ಅದು ನಂಬುತ್ತದೆ. ಈ ಅಂಕಿಗೆ ಆಧಾರ ಕೆಲವೇ ಶವಗಳ ರಾಸಾಯನಿಕ ಪರೀಕ್ಷೆ. ಎಲುಬು ತೆಳುವಾದವರಲ್ಲಿ, ಮೈಯಲ್ಲಿ ನೀರಿನ ಪಾಲು ಹೆಚ್ಚಿರುವವರಲ್ಲಿ ಅದು 1.100ಕ್ಕಿಂತ ಕಡಿಮೆ. ನಮ್ಮ ಯುವಕನಲ್ಲಿ ಅದು 1.095 ಆಗಿದ್ದರೆ ಅವನ ನಿಜವಾದ ಕೊಬ್ಬು ಶೇ. 19.8. ಎರಡೂ ಯಂತ್ರ ಮಾತ್ರ ಒಂದೇ ಸ್ವರದಲ್ಲಿ 21.4 ಎನ್ನುತ್ತವೆ. ಗಾತ್ರ ಸರಿ, ತೂಕ ಸರಿ, ತಪ್ಪು ಸೂತ್ರದ್ದು. ಮಕ್ಕಳ ದೇಹದಲ್ಲಿ ನೀರು ಹೆಚ್ಚು, ಎಲುಬು ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಅವರಿಗೆ ವಯಸ್ಸಿಗೆ ತಕ್ಕ ಬೇರೆ ಲೆಕ್ಕ ಬಳಸಬೇಕು. ಮುದುಕರಲ್ಲಿ ಎಲುಬು ಸವೆದಿದ್ದರೆ ಯಂತ್ರ ಹೇಳುವುದಕ್ಕಿಂತ ಕೊಬ್ಬು ಕಡಿಮೆಯೇ ಇರಬಹುದು.

ಹಾಗಾದರೆ ಯಾವುದು ಸರಿ? ಉಸಿರು ಬಿಡುವ ಅಭ್ಯಾಸವಿದ್ದು, ಉಳಿಕೆ ಗಾಳಿಯನ್ನು ಅಳೆಯುವ ಉಪಕರಣವೂ ಇದ್ದರೆ ನೀರಿನ ತಕ್ಕಡಿ ಇಂದಿಗೂ ಒಳ್ಳೆಯ ಅಳತೆಯೇ. ಅದಿಲ್ಲದ ಕಡೆ, ನೀರಿಗೆ ಹೆದರುವವರಿಗೆ, ವಯಸ್ಸಾದವರಿಗೆ ಗಾಳಿಯ ಕೋಣೆ ಮೇಲು. ಹಸುಗೂಸುಗಳಿಗೆ ನೀರಿನ ದಾರಿಯೇ ಇಲ್ಲ. ಅವಕ್ಕೆಂದೇ ಪೀ ಪಾಡ್ ಎಂಬ ಸಣ್ಣ ಗಾಳಿಯ ಯಂತ್ರ ಬೇರೆ ಇದೆ.

ಯಾವುದೇ ಯಂತ್ರದ ಚೀಟಿ ಕೈಗೆ ಬಂದರೂ ಕೊಟ್ಟವರನ್ನು ಮೂರು ಪ್ರಶ್ನೆ ಕೇಳಬಹುದು. ಶ್ವಾಸಕೋಶದ ಗಾಳಿಯನ್ನು ಅಳೆದದ್ದೋ, ಅಂದಾಜಿಸಿದ್ದೋ? ಎಷ್ಟು ಸಲ ಅಳೆದಿರಿ, ಅಂಕಿಗಳು ಹೊಂದಿದವಾ? ಗಾತ್ರದಿಂದ ಕೊಬ್ಬಿಗೆ ಹೋಗಲು ಬಳಸಿದ ಲೆಕ್ಕ ಯಾವುದು? ಮುಂದಿನ ಸಲ ಅಳೆಸುವಾಗ ಅದೇ ಯಂತ್ರ, ಅದೇ ಹೊತ್ತು, ಅದೇ ತರದ ಬಟ್ಟೆ, ಅದೇ ಲೆಕ್ಕ ಇರಲಿ. ಒಂದು ಸಲ ಎದೆಯ ಗಾಳಿಯನ್ನು ಅಳೆದು, ಇನ್ನೊಂದು ಸಲ ಅಂದಾಜಿಸಿ, ನಡುವಿನ ವ್ಯತ್ಯಾಸವನ್ನು ಕೊಬ್ಬು ಎಂದುಕೊಂಡರೆ, ಮೂರು ತಿಂಗಳ ಬೆವರಿಗೆ ಸಿಕ್ಕ ಉತ್ತರ ಬರೀ ಗಾಳಿಯದ್ದಾಗಿ ಬಿಡುತ್ತದೆ.